ಐವತ್ತರ ತನಕ ಎಣಿಸೋ ಮಗು ನಾಲ್ಕು ಈರುಳ್ಳಿ ಯಾಕೆ ತರಲ್ಲ?

ತುಮಕೂರು ಕಡೆ ಒಂದು ಹಳ್ಳೀಲಿ ಒಬ್ರು ತಾಯಿ ಮನೇಲಿ ಕೂತಿದ್ದೆ. ಮಗಳಿಗೆ ಐದು ವರ್ಷ, ನಾನು ಬಂದಿದ್ದೇ ತಡ ಒಂದರಿಂದ ಐವತ್ತರ ತನಕ ಒಂದೇ ಉಸಿರಲ್ಲಿ ಹೇಳಿ ಮುಗಿಸಿದ್ಲು. ನಾನು ಸುಮ್ನೆ "ಪುಟ್ಟಿ, ಬುಟ್ಟಿಯಿಂದ ನಾಲ್ಕು ಈರುಳ್ಳಿ ತಗೊಂಡ್ ಬಾರಮ್ಮ" ಅಂದೆ. ಎರಡೂ ಕೈಲಿ ಬಾಚ್ಕೊಂಡು ಬಂದ್ಲು. ಅಮ್ಮಂಗೆ ನಾಚಿಕೆ ಆಯ್ತು, "ಎಣಿಸೇ" ಅಂತ ಗದರಿದ್ರು. ಎಣಿಸಿದ್ಲು, ತಪ್ಪೇ ಇಲ್ದೆ, ಏಳು. "ನಾಲ್ಕು ತಂದ್ಯಾ?" ಅಂದ್ರೆ "ಹ್ಞೂಂ, ನಾಲ್ಕು" ಅಂತ ಧೈರ್ಯವಾಗಿ ತಲೆ ಆಡಿಸಿದ್ಲು.

ಈ ಮಗು ದಡ್ಡಿ ಅಲ್ಲ, ಸುಳ್ಳೂ ಹೇಳ್ತಿಲ್ಲ. ಅವಳಿಗೆ ಒಂದು ಎರಡು ಮೂರು ಅನ್ನೋದು ಒಂದು ಪದ್ಯ ಇದ್ದಂಗೆ, ಕೈ ಒಂದೊಂದೇ ವಸ್ತು ಮುಟ್ಟುತ್ತೆ, ಬಾಯಿ ಪದ್ಯ ಹೇಳುತ್ತೆ, ಅಷ್ಟೇ. ಕೊನೇಲಿ ಹೇಳಿದ ಪದಾನೇ ಇಡೀ ಗುಂಪಿನ ಲೆಕ್ಕ ಅನ್ನೋದು ಇನ್ನೂ ಕೂತಿಲ್ಲ. ಇದನ್ನ ಪತ್ತೆ ಮಾಡೋ ದಾರೀನೇ 'ಇಷ್ಟು ಕೊಡು' ಅಂತ ಕೇಳೋದು, ಕ್ಯಾರನ್ ವಿನ್ ಅನ್ನೋ ಮನಶ್ಶಾಸ್ತ್ರಜ್ಞೆ 1990ರ ಹೊತ್ತಿಗೆ ಚಿಕ್ಕ ಮಕ್ಕಳ ಜೊತೆ ಇದನ್ನೇ ಮಾಡಿ ನೋಡಿದ್ರು. ಮಗು ಮೊದ್ಲು ಒಂದು ಕೇಳಿದ್ರೆ ಒಂದು ಕೊಡೋಕೆ ಕಲಿಯುತ್ತೆ, ಆಗ ಎರಡು ಕೇಳಿ ಐದು ಕೇಳಿ ಎಲ್ಲಕ್ಕೂ ಒಂದು ಹಿಡಿ. ಆಮೇಲೆ ಎರಡು, ಆಮೇಲೆ ಮೂರು. ಒಂದೊಂದು ಮೆಟ್ಟಿಲಿಗೂ ತಿಂಗಳುಗಟ್ಟಲೆ ಹಿಡಿಯುತ್ತೆ. ಮೂರೋ ನಾಲ್ಕೋ ದಾಟಿದ ಮೇಲೆ ಒಂದಿನ ಗುಟ್ಟು ಹೊಳೆದು, ಎಷ್ಟು ಕೇಳಿದ್ರೂ ಎಣಿಸಿ ಕೊಡೋಕೆ ಶುರು ಮಾಡುತ್ತೆ.

ಅಮ್ಮಂದ್ರು ಮನೇಲೇ ಮಕ್ಕಳಿಗೆ ಈ ಲೆಕ್ಕ ಕಲಿಸಲಿ ಅಂತ ನಮ್ಮ ಟೀಮು ಮನೆಮನೆಗೆ ಕೊಡೋಕೆ ಮಾಡಿದ ಮೊದಲನೇ ಶೀಟ್ ಪೂರ್ತಿ ಕೆಟ್ಟಿತ್ತು, ಅದನ್ನ ಒಪ್ಕೋಬೇಕು. ಎರಡೂ ಕಡೆ ಪ್ರಿಂಟು, ಪ್ರತಿ ಚಿತ್ರದ ಕೆಳಗೆ ಎರಡು ಸಾಲು ಸೂಚನೆ, ಪಕ್ಕದಲ್ಲಿ ಟಿಕ್ ಹಾಕೋ ಚೌಕ. ಎರಡು ವಾರ ಬಿಟ್ಟು ಹೋದ್ರೆ ಎಲ್ಲಾ ಚೌಕದಲ್ಲೂ ಟಿಕ್, ಒಂದೇ ಪೆನ್ನು, ಒಂದೇ ಓರೆ. ಆರನೇ ಕ್ಲಾಸಿನ ಅಕ್ಕ ಕೂತು ತುಂಬಿಸಿಬಿಟ್ಟಿದ್ಲು. ಒಬ್ರು ತಾಯಿ ನೇರವಾಗೇ ಹೇಳಿದ್ರು, "ನಂಗೆ ಓದಕ್ಕೆ ಬರಲ್ಲ ಮೇಡಂ, ಪೇಪರ್ ಬಂತು ಅಂದ್ರೆ ಎದೆ ಡವಡವ ಅನ್ನುತ್ತೆ" ಅಂತ.

ಈಗಿನ ಶೀಟ್ ಒಂದೇ ಕಡೆ, ಮೂರು ಚಿತ್ರ, ಅಕ್ಷರ ಇಲ್ಲ, ಚೌಕ ಇಲ್ಲ. ಊಟದ ತಟ್ಟೆ, ಇಡ್ಲಿ ತಟ್ಟೆ, ಪಾವು. ಒಂದೊಂದು ಚಿತ್ರಕ್ಕೂ ಒಂದು ನಿಮಿಷದ ವಾಯ್ಸ್ ಮೆಸೇಜ್, ವಾಟ್ಸಾಪ್ ಇಲ್ದೋರಿಗೆ ಅಂಗನವಾಡಿ ಮೀಟಿಂಗಲ್ಲಿ ನಾವೇ ತಟ್ಟೆ ಇಟ್ಟು ಮಾಡಿ ತೋರಿಸ್ತೀವಿ. ಗೋಡೆಗೆ ಅಂಟಿಸ್ಕೊಂಡ್ರೆ ಸಾಕು, ವಾಪಸ್ ಕೊಡೋದೇನಿಲ್ಲ.

ತಟ್ಟೆಯಿಂದ ಯಾಕೆ ಶುರು ಅಂದ್ರೆ, ಓದು ಬಾರದ ಅಮ್ಮ ಉತ್ತರ ಸರಿನಾ ತಪ್ಪಾ ಅಂತ ಹೇಳಬೇಕಾಗೇ ಇಲ್ಲ, ಊಟಕ್ಕೆ ಕೂತೋರೇ ಹೇಳ್ತಾರೆ. ಮೊದಲ ವಾರ ನಂಬರ್ ಹೇಳೋದೇ ಬೇಡ. ಎಲ್ಲರೂ ಕೂತ ಮೇಲೆ "ಎಲ್ಲರಿಗೂ ಒಂದೊಂದು ತಟ್ಟೆ ಇಡು" ಅನ್ನಿ. ಅಜ್ಜಿಗೊಂದು, ಅಪ್ಪಂಗೊಂದು, ತಾತನ ಮುಂದೆ ಖಾಲಿ, ತಾತ "ನಂಗೆಲ್ಲವ್ವ?" ಅಂತಾರೆ, ಮಗು ಓಡಿ ಹೋಗಿ ಇನ್ನೊಂದು ತರುತ್ತೆ. ಎರಡನೇ ವಾರ ಯಾರೂ ಕೂತಿರೋದಿಲ್ಲ, ಅಪ್ಪ ಹೊಲದಲ್ಲಿ, ಅಜ್ಜಿ ಜಗಲೀಲಿ, ಆಗ "ಇವತ್ತು ಎಷ್ಟು ತಟ್ಟೆ ಬೇಕು, ತಗೊಂಡ್ ಬಾ". ಕಷ್ಟ ಇರೋದು ಇಲ್ಲೇ. ಎದುರಿಗಿಲ್ಲದ ಜನಾನ ಬೆರಳಲ್ಲಿ ಹಿಡಿದು, ಆ ಲೆಕ್ಕಾನ ತಟ್ಟೆ ಸ್ಟ್ಯಾಂಡ್ ತನಕ ಹೊತ್ಕೊಂಡ್ ಹೋಗಿ, ಅಷ್ಟಕ್ಕೇ ನಿಲ್ಲಿಸಬೇಕು.

ಆ ಈರುಳ್ಳಿ ಹುಡುಗಿ ಮನೇಲಿ ಐದು ಜನ. ಎರಡನೇ ವಾರ ಅವಳು ಇದ್ದಬದ್ದ ತಟ್ಟೆ ಎಲ್ಲಾ ಹೊತ್ಕೊಂಡು ಬಂದ್ಲು. ಅಮ್ಮನ ಕೈಲಿ ನಾವು ಒಂದೇ ಬದಲಾವಣೆ ಮಾಡಿಸಿದ್ವಿ, ಐದರಿಂದ ಇಳಿದು ಎರಡಕ್ಕೆ ಬನ್ನಿ ಅಂತ. ಬೆಳಗ್ಗೆ ಟೀ ಕುಡಿಯೋರು ಇಬ್ರೇ, ಅಜ್ಜಿ ತಾತ, "ಎರಡು ಲೋಟ ತಾ". ಇದು ಗಟ್ಟಿ ಆದ ಮೇಲೆ ಅಪ್ಪನ್ನ ಸೇರಿಸಿ ಮೂರು. ತಪ್ಪು ತಂದಾಗ ಬೈಯೋದೂ ಇಲ್ಲ, "ಎಣಿಸು" ಅನ್ನೋದೂ ಇಲ್ಲ, ಲೋಟ ಇಟ್ಟು ನೋಡೋದು, ಹೆಚ್ಚಾಗಿದ್ರೆ "ಇದು ಯಾರ್ದು?" ಅಂತ ಕೇಳೋದು. ಅವಳು ಮೂರರಿಂದ ಐದಕ್ಕೆ ಬರೋಕೆ ಸುಮಾರು ಎರಡು ತಿಂಗಳು ಹಿಡೀತು, ಮಧ್ಯೆ ಹಬ್ಬಕ್ಕೆ ನೆಂಟರು ಬಂದು ಎಲ್ಲಾ ಗೋಜಲಾಗಿ ಒಂದು ವಾರ ಹಿಂದಕ್ಕೂ ಹೋದ್ಲು.

ಮಗೂಗೆ ಗೊತ್ತಾಗಿದ್ಯಾ ಅಂತ ತಿಳಿಯೋಕೆ ಅಮ್ಮಂದ್ರಿಗೆ ನಾವು ಹೇಳಿಕೊಡೋದು ಒಂದೇ ಗುರುತು. ಮಗು ಎಣಿಸಿ ಮುಗಿಸಿದ ತಕ್ಷಣ "ಹಂಗಾದ್ರೆ ಎಷ್ಟಿದೆ?" ಅನ್ನಿ. ಮತ್ತೆ ಒಂದರಿಂದ ಶುರು ಮಾಡಿದ್ರೆ ಇನ್ನೂ ಪದ್ಯಾನೇ. "ಐದು" ಅಂತ ನಿಂತ್ರೆ ದಾರಿಗೆ ಬಂದಿದೆ, ಆದ್ರೂ ಕೊನೇ ಪದಾನ ಗಿಳಿ ಥರ ತಿರುಗಿ ಹೇಳೋ ಮಕ್ಕಳೂ ಇದಾವೆ, ಅದಕ್ಕೇ ನಾನು ನೆಚ್ಕೊಳ್ಳೋದು ತಗೊಂಡ್ ಬಾ ಅನ್ನೋದನ್ನೇ.

ಇಡ್ಲಿ ತಟ್ಟೇದು ಬೇರೆ ಕೆಲಸ. ನಾಲ್ಕು ಗುಳಿ ಇರೋ ತಟ್ಟೆ ಆದ್ರೆ ಒಳ್ಳೇದು, ಯಾಕಂದ್ರೆ ಮೂರು ನಾಲ್ಕರ ತನಕ ಕಣ್ಣು ಎಣಿಸದೇನೇ ಗುರುತಿಸುತ್ತೆ. ಆರಿದ ಮೇಲೆ ಒಂದು ಇಡ್ಲಿ ತೆಗೆದು "ಎಷ್ಟು ಉಳೀತು?", ಇನ್ನೊಂದು ತೆಗೆದು ಮತ್ತೆ ಅದೇ ಪ್ರಶ್ನೆ. ಖಾಲಿ ಗುಳಿ ಕಣ್ಣಿಗೆ ಕಾಣ್ತಾ ಇರೋದ್ರಿಂದ ಮೂರೂ ಒಂದೂ ಸೇರಿ ನಾಲ್ಕು, ಎರಡೂ ಎರಡೂ ಸೇರಿ ನಾಲ್ಕು ಅನ್ನೋದು ಕೂಡೋ ಲೆಕ್ಕ ಅಂತ ಹೆಸರು ಹೇಳೋ ಮುಂಚೇನೇ ಗೊತ್ತಾಗಿರುತ್ತೆ. ಇಡ್ಲಿ ದಿನಾ ಎಲ್ಲಿ ಮಾಡ್ತೀವಿ ಅಂದ್ರು ಕೆಲವರು, ನ್ಯಾಯಾನೇ, ಅವರ ಮನೇಲಿ ಬೆಳ್ಳುಳ್ಳಿ ಎಸಳು ನಾಲ್ಕು ಇಟ್ಟು ಲೋಟ ಮುಚ್ಚಿ ಒಂದೆರಡು ಅಡಗಿಸಿ ಆಡ್ತಾರೆ.

ಈ ಶೀಟಿಂದ ಅಂಕಿ ಬರೆಯೋಕೆ ಬರಲ್ಲ, 5 ಅನ್ನೋ ಗುರುತು ಶಾಲೇಲೇ ಕಲಿಯಬೇಕು. ಹಸಿಮೆಣಸಿನಕಾಯಿ ಎಣಿಸೋಕೆ ಕೊಡಬೇಡಿ, ಕೈ ಕಣ್ಣಿಗೆ ಹೋಗುತ್ತೆ. ಮೂರು ವರ್ಷದೊಳಗಿನ ಮಗು ಇದ್ರೆ ಕಾಳು, ಹುಣಸೆಬೀಜ ದೂರ ಇಡಿ, ಮೂಗಿಗೆ ಹಾಕ್ಕೊಳ್ಳುತ್ತೆ. ಒಲೆ ಹತ್ರ ಆಟ ಬೇಡವೇ ಬೇಡ.

ಪಾವಿನ ಚಿತ್ರದ್ದು ಮಾತ್ರ ಇನ್ನೂ ಬಗೆಹರಿದಿಲ್ಲ. ಅಕ್ಕಿ ಅಳೆಯುವಾಗ "ಒಂದು, ಎರಡು" ಅಂತ ಜೋರಾಗಿ ಹೇಳಿ ಅಂತ ವಾಯ್ಸ್ ಮೆಸೇಜಲ್ಲಿ ಇತ್ತು. ಹಳ್ಳೀಲಿ ಧಾನ್ಯ ಅಳೆಯೋರು ಒಂದು ಅನ್ನಲ್ಲ, 'ಲಾಭ' ಅಂತಾರೆ, ಆಮೇಲೆ ಎರಡು, ಮೂರು. ನಮ್ಮ ಟೀಮಲ್ಲಿ ಒಬ್ರು ಮಕ್ಕಳಿಗೆ ಗೊಂದಲ ಆಗುತ್ತೆ, ಬಿಡಿಸಬೇಕು ಅಂದ್ರು. ನಾನು ಬೇಡ ಅಂದೆ, ಅಜ್ಜಿ ಬಾಯಲ್ಲಿರೋ ಲೆಕ್ಕಾನ ತಪ್ಪು ಅಂದ್ರೆ ಅಜ್ಜಿ ಇನ್ನೊಂದ್ಸಲ ಮಗೂನ ಪಾವಿನ ಹತ್ರ ಕರೆಯಲ್ಲ, ಅಳೆದಾದ ಮೇಲೆ "ಎಷ್ಟು ಪಾವು ಹಾಕಿದ್ವಿ?" ಅಂತ ಕೇಳಿದ್ರೆ ಆಯ್ತಲ್ಲ. ನಾಲ್ಕು ಪಾವಿಗೆ ಒಂದು ಸೇರು ಅನ್ನೋದನ್ನೂ ಅಜ್ಜೀನೇ ಹೇಳಿಕೊಡ್ತಾರೆ. ಹೋದ ಸಲ ಹೋದಾಗ ಅದೇ ಹುಡುಗಿ ರಾಗಿ ಅಳೀತಿದ್ಲು, ಲಾಭ, ಎರಡು, ಮೂರು. ಎಷ್ಟಮ್ಮ ಅಂದೆ. "ಮೂರು" ಅಂದ್ಲು. ಎರಡು ಪಾವು ಡಬ್ಬಿಗೆ ವಾಪಸ್ ಸುರಿಸಿ, ಈಗೆಷ್ಟು ಉಳೀತು ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಬರೀ ಲಾಭ" ಅಂದ್ಲು.