ಬೋರ್ಡಿನಲ್ಲಿ ಅರವತ್ತು, ಗೇಟಿನಲ್ಲಿ ನೂರು

ಕಳೆದ ವರ್ಷ ನನ್ನ ಕಚೇರಿಗೆ ಬಂದ ಕಕ್ಷಿದಾರರೊಬ್ಬರು ಮೇಜಿನ ಮೇಲೆ ಒಂದು ಪಾರ್ಕಿಂಗ್ ಚೀಟಿ ಇಟ್ಟು, "ಸಾರ್, ನಲವತ್ತು ರೂಪಾಯಿಗೆ ಕೇಸ್ ಹಾಕ್ತೀರಾ?" ಎಂದು ಕೇಳಿದರು. ಅವರು ದಾಖಲಾಗಿದ್ದ ತಾಯಿಯನ್ನು ನೋಡಲು ಆಸ್ಪತ್ರೆಗೆ ಹೋಗಿದ್ದರು. ಕಾರು ಒಳಗೆ ಹೋದದ್ದು 10:40ಕ್ಕೆ, ಹೊರಗೆ ಬಂದದ್ದು ಮಧ್ಯಾಹ್ನ 3:05ಕ್ಕೆ. ಪ್ರವೇಶದ ಗೇಟಿನ ಬೋರ್ಡಿನಲ್ಲಿ ಮೊದಲ 2 ಗಂಟೆಗೆ 30 ರೂಪಾಯಿ, ನಂತರ ಪ್ರತಿ ಗಂಟೆಗೆ ಅಥವಾ ಅದರ ಭಾಗಕ್ಕೆ 10 ರೂಪಾಯಿ ಎಂದಿತ್ತು.

ಇಂಥ ಕೇಸಿನಲ್ಲಿ ನಾನು ಮೊದಲು ಲೆಕ್ಕ ಹಾಕುತ್ತೇನೆ. ಹೆಚ್ಚು ವಸೂಲಿ ಅನ್ನಿಸಿದ್ದೆಲ್ಲ ಹೆಚ್ಚು ವಸೂಲಿಯಲ್ಲ. ನಿಂತದ್ದು 4 ಗಂಟೆ 25 ನಿಮಿಷ. ಮೊದಲ ಎರಡು ಗಂಟೆ ಕಳೆದರೆ 2 ಗಂಟೆ 25 ನಿಮಿಷ ಉಳಿಯುತ್ತದೆ. 'ಅಥವಾ ಅದರ ಭಾಗಕ್ಕೆ' ಎಂದು ಬರೆದಿರುವುದರಿಂದ ಅದು ಮೂರು ಗಂಟೆಯೇ. ಒಟ್ಟು 60 ರೂಪಾಯಿ. ಜಿಎಸ್‌ಟಿ ಪ್ರತ್ಯೇಕ ಎಂದು ಬೋರ್ಡಿನಲ್ಲಿದ್ದರೆ ಶೇಕಡಾ 18 ಸೇರಿ 70 ರೂಪಾಯಿ 80 ಪೈಸೆ ಆಗುತ್ತಿತ್ತು, ಆದರೆ ಹಾಗೇನೂ ಬರೆದಿರಲಿಲ್ಲ. ಗೇಟಿನಲ್ಲಿ ತೆಗೆದುಕೊಂಡದ್ದು 100. ಕಾರಣ ಆಮೇಲೆ ಗೊತ್ತಾಯಿತು: ಗುತ್ತಿಗೆದಾರರು ಬದಲಾಗಿ ಮೆಷಿನ್‌ಗೆ ಹೊಸ ದರ ಹಾಕಿದ್ದರು, ಬೋರ್ಡ್ ಮಾತ್ರ ಹಳೆಯದೇ ಉಳಿದಿತ್ತು. ನಾನು ಕಂಡ ಪ್ರಕರಣಗಳಲ್ಲಿ ಮೋಸಕ್ಕಿಂತ ಇಂಥ ಉದಾಸೀನವೇ ಹೆಚ್ಚು.

ಕಾನೂನಿನ ಎಳೆ ಇರುವುದು ಆ ಬೋರ್ಡಿನಲ್ಲೇ. ದರಪಟ್ಟಿಯಲ್ಲಿ ತೋರಿಸಿದ್ದಕ್ಕಿಂತ ಹೆಚ್ಚು ಬೆಲೆ ಪಡೆದರೆ ದೂರು ಕೊಡಬಹುದು ಎಂದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಹೇಳುತ್ತದೆ, ನಿಜ. ಆದರೆ ಅಲ್ಲಿ ಹೇಳಿರುವ ದರಪಟ್ಟಿ ಕಾನೂನಿನ ಪ್ರಕಾರ ಪ್ರದರ್ಶಿಸಿದ ದರಪಟ್ಟಿ. ಖಾಸಗಿ ಪಾರ್ಕಿಂಗಿನ ಬೋರ್ಡ್ ಆ ಪಟ್ಟಿಯಲ್ಲ ಎಂದು ಎದುರು ವಕೀಲರು ವಾದಿಸಬಹುದು. ಹಾಗಾಗಿ ನಾನು ಅದೇ ಕಲಮಿನ ಇನ್ನೊಂದು ಮಾತನ್ನು ಹಿಡಿಯುತ್ತೇನೆ: ಇಬ್ಬರೂ ಒಪ್ಪಿಕೊಂಡ ಬೆಲೆಗಿಂತ ಹೆಚ್ಚು ಪಡೆಯುವುದೂ ದೂರಿಗೆ ಕಾರಣ. ಬೋರ್ಡ್ ಓದಿ, ಚೀಟಿ ಪಡೆದು ಕಾರು ಒಳಗೆ ತಂದಿರಿ ಎಂದರೆ ಒಪ್ಪಂದ ಮುಗಿಯಿತು. ಹೊರಹೋಗುವ ಗೇಟಿನಲ್ಲಿ "ದರ ಬದಲಾಗಿದೆ" ಎಂದರೆ ಅದು ತಡವಾಯಿತು.

ಆದ್ದರಿಂದಲೇ ಪ್ರವೇಶದ್ವಾರದ ಬೋರ್ಡಿನ ಫೋಟೋಗೆ ಅಷ್ಟು ಬೆಲೆ. ದರದ ಜೊತೆಗೆ ಗೇಟ್, ಕಟ್ಟಡದ ಹೆಸರು ಕೂಡ ಕಾಣಬೇಕು. ಅದೇ ದಿನ ತೆಗೆಯಿರಿ. ಜಗಳವಾದ ಮರುದಿನ ಬೋರ್ಡ್ ಮಾಯವಾದದ್ದನ್ನು ನೋಡಿದ್ದೇನೆ. ಎರಡನೆಯದು, ಒಳಬಂದ ಮತ್ತು ಹೊರಹೋದ ಸಮಯವಿರುವ ರಸೀದಿ. ಕೇಳಿದರೂ ರಸೀದಿ ಕೊಡದಿರುವುದು ಈ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ, ಅದೂ ದೂರಿಗೆ ಸೇರುತ್ತದೆ. ನಗದಿನ ಬದಲು ಯುಪಿಐನಲ್ಲಿ ಕೊಟ್ಟರೆ ಹಣ ಸಂಸ್ಥೆಯ ಖಾತೆಗೆ ಹೋಯಿತೋ, ಯಾರದೋ ಸ್ವಂತ ಹೆಸರಿಗೆ ಹೋಯಿತೋ ಎಂಬುದೂ ದಾಖಲಾಗುತ್ತದೆ.

ಗೇಟಿನಲ್ಲಿ ಜಗಳಕ್ಕೆ ನಿಲ್ಲಬೇಡಿ. ಹಿಂದೆ ಆಂಬುಲೆನ್ಸ್ ಇರಬಹುದು, ಅಲ್ಲಿ ಕೂತಿರುವ ಹುಡುಗನಿಗೆ ದರ ಬದಲಿಸುವ ಅಧಿಕಾರವೂ ಇಲ್ಲ. ಆಕ್ಷೇಪಣೆ ಇಟ್ಟುಕೊಂಡೇ ಕೊಡುತ್ತಿದ್ದೇನೆ ಎಂದು ಹೇಳಿ ಹಣ ಕೊಡಿ, ಅದೇ ದಿನ ಆಡಳಿತ ಕಚೇರಿಗೆ ಇಮೇಲ್‌ನಲ್ಲಿ ಅದನ್ನೇ ಬರೆಯಿರಿ. ಇಲ್ಲದಿದ್ದರೆ "ಒಪ್ಪಿಯೇ ಕೊಟ್ಟರಲ್ಲ" ಎಂಬ ಉತ್ತರ ಬರುತ್ತದೆ.

ನಮ್ಮ ಕಕ್ಷಿದಾರರ ಇಮೇಲ್‌ಗೆ ಬಂದ ಉತ್ತರ ಮಾಮೂಲಿನದು: "ಪಾರ್ಕಿಂಗ್ ಗುತ್ತಿಗೆ ಕೊಟ್ಟಿದ್ದೇವೆ, ಅವರನ್ನೇ ಕೇಳಿ." ಬೋರ್ಡಿನ ಮೇಲಿದ್ದದ್ದು ಆಸ್ಪತ್ರೆಯ ಹೆಸರು, ಚೀಟಿಯ ಮೇಲಿದ್ದದ್ದು ಗುತ್ತಿಗೆದಾರರದು. ಇಂಥಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಬೇಕು. ಅವರ ನಡುವಿನ ಕರಾರು ಅವರಿಗೆ ಬಿಟ್ಟದ್ದು.

ಮುಂದಿನ ಹೆಜ್ಜೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಅದು ನ್ಯಾಯಾಲಯವಲ್ಲ, ಆದೇಶ ಹೊರಡಿಸುವುದಿಲ್ಲ. ದೂರನ್ನು ಸಂಸ್ಥೆಗೆ ತಲುಪಿಸಿ ಇತ್ಯರ್ಥಕ್ಕೆ ಯತ್ನಿಸುತ್ತದೆ. ಅಲ್ಲಿಯೂ ಆಗದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ವಕೀಲರೂ ಕಡ್ಡಾಯವಲ್ಲ. ಆದರೆ ವಾಯಿದೆಗಳು ತಿಂಗಳುಗಟ್ಟಲೆ ನಡೆಯುತ್ತವೆ. ಪರಿಹಾರ ಕೇಳಬಹುದು, ಎಷ್ಟು ಸಿಗುತ್ತದೆಂದು ಯಾವ ವಕೀಲನೂ ಹೇಳಲಾರ. ಮಾಲ್ ಅಥವಾ ಆಸ್ಪತ್ರೆ ಪಾರ್ಕಿಂಗ್ ಶುಲ್ಕವನ್ನೇ ಪಡೆಯಬಹುದೇ ಎಂಬುದು ಬೇರೆಯೇ ಪ್ರಶ್ನೆ. ನಲವತ್ತು ರೂಪಾಯಿಯ ದೂರಿನಲ್ಲಿ ಅದನ್ನು ಬೆರೆಸಿದರೆ ಗೆಲ್ಲಬಹುದಾದ ಕೇಸೂ ಜಾಳಾಗುತ್ತದೆ.

ಇವರದು ಆಯೋಗದವರೆಗೆ ಹೋಗಲಿಲ್ಲ. ಸಹಾಯವಾಣಿಯ ದೂರಿನ ನಂತರ ನಲವತ್ತು ರೂಪಾಯಿ ಖಾತೆಗೆ ಬಂತು. ತಾಯಿಯನ್ನು ಮತ್ತೆ ತಪಾಸಣೆಗೆ ಕರೆದುಕೊಂಡು ಹೋದಾಗ ಗೇಟಿನಲ್ಲಿ ಹೊಸ ಬೋರ್ಡ್ ಇತ್ತು, ದರ ಏರಿತ್ತು. ಓದಿ, ಕಾರನ್ನು ಹಿಂದಕ್ಕೆ ತೆಗೆದು, ಹೊರಗಡೆ ರಸ್ತೆ ಬದಿಯಲ್ಲಿ ಜಾಗ ಹುಡುಕಿದರಂತೆ.