ಪುಸ್ತಕದ ಹಿಂದಿನ ಉತ್ತರವೇ ತಪ್ಪಿರಬಹುದಾ?

ಪ್ರಶ್ನೆ: ಮಗಳು ಮಾಡಿದ ಲೆಕ್ಕದ ಉತ್ತರ ಪುಸ್ತಕದ ಕೊನೆಯಲ್ಲಿರುವ ಉತ್ತರಕ್ಕೆ ತಾಳೆಯಾಗುತ್ತಿಲ್ಲ. ಎರಡು ಸಲ ಮಾಡಿದರೂ ಅವಳಿಗೆ ಅದೇ ಬರುತ್ತಿದೆ. ತಪ್ಪು ಯಾರದು ಅಂತ ತಿಳಿಯೋದು ಹೇಗೆ?

ಮೂರನೇ ಸಲ ಅದೇ ದಾರಿಯಲ್ಲಿ ಲೆಕ್ಕ ಮಾಡಿಸಬೇಡಿ. ತಪ್ಪಿದ್ದರೆ ಅದೇ ತಪ್ಪು ಮತ್ತೆ ಬರುತ್ತೆ, ಅಷ್ಟೇ. ಅದರ ಬದಲು ಪುಸ್ತಕದ ಉತ್ತರವನ್ನೇ ಪ್ರಶ್ನೆಯೊಳಗೆ ಹಾಕಿ ನೋಡಿ.

ಈ ಲೆಕ್ಕ ತಗೊಳ್ಳಿ: √(x + 6) = x. ಹುಡುಗಿ 3 ಅಂತ ಬರೆದಿದ್ದಾಳೆ. ಪುಸ್ತಕದಲ್ಲಿ 3 ಮತ್ತು −2 ಅಂತಿದೆ. 3 ಹಾಕಿದರೆ ಎಡಗಡೆ √9, ಅಂದರೆ 3. ಬಲಗಡೆಯೂ 3. ಸರಿಹೋಯ್ತು. ಈಗ −2 ಹಾಕಿ. ಎಡಗಡೆ √4, ಅಂದರೆ 2. ಬಲಗಡೆ −2. ಹೊಂದಲ್ಲ. ಪುಸ್ತಕದ್ದೇ ತಪ್ಪು.

ಆದರೆ ಇಲ್ಲಿಗೇ ಬಿಡಬೇಡಿ. ಆ −2 ಎಲ್ಲಿಂದ ಬಂತು ಅಂತ ಹುಡುಕಿ. ಎರಡೂ ಕಡೆ ವರ್ಗ ಮಾಡಿದರೆ x² − x − 6 = 0 ಆಗುತ್ತೆ. ಅದಕ್ಕೆ 3, −2 ಎರಡೂ ಉತ್ತರ. ವರ್ಗ ಮಾಡುವಾಗ 2 ಮತ್ತು −2ರ ವ್ಯತ್ಯಾಸ ಅಳಿಸಿಹೋಗುತ್ತೆ, ಹಾಗಾಗಿ ಮೂಲ ಪ್ರಶ್ನೆಗೆ ಸಲ್ಲದ ಉತ್ತರವೊಂದು ಒಳಗೆ ನುಸುಳುತ್ತೆ. ಉತ್ತರ ಬರೆದವರು ಕೊನೆಯಲ್ಲಿ ತಾಳೆ ನೋಡಿಲ್ಲ. ತಪ್ಪು ಹುಟ್ಟಿದ ಜಾಗ ಹೀಗೆ ಸಿಕ್ಕರೆ ನನಗೆ ಆಮೇಲೆ ಅನುಮಾನ ಉಳಿಯುವುದಿಲ್ಲ.

ಇದರ ಉಲ್ಟಾ ಕೂಡ ಆಗುತ್ತೆ, ಅದೇ ಜಾಸ್ತಿ. x² = 3x ಅಂತ ಕೊಟ್ಟಾಗ ಮಕ್ಕಳು ಎರಡೂ ಕಡೆ xನಿಂದ ಭಾಗಿಸಿ 3 ಅಂತ ಬರೆದುಬಿಡುತ್ತಾರೆ. ಪುಸ್ತಕದಲ್ಲಿ 0 ಮತ್ತು 3 ಇರುತ್ತೆ. 3 ಹಾಕಿದರೆ ಸರಿಹೋಗುತ್ತೆ, ಅದಕ್ಕೇ ಮಗುವಿಗೆ ತಾನೇ ಸರಿ ಅನ್ನಿಸುತ್ತೆ. ಆದರೆ 0 ಹಾಕಿದರೂ ಸರಿಹೋಗುತ್ತಲ್ವಾ? ಇಲ್ಲಿ ಪುಸ್ತಕವೇ ಸರಿ. ತನ್ನ ಉತ್ತರ ಹೊಂದಿತು ಅಂದಮಾತ್ರಕ್ಕೆ ಪುಸ್ತಕದ್ದು ತಪ್ಪಾಗುವುದಿಲ್ಲ, ಅದನ್ನೂ ಹಾಕಿ ನೋಡಲೇಬೇಕು.

ಕೆಲವು ಸಲ ಜಗಳವೇ ಇರುವುದಿಲ್ಲ. ಒಬ್ಬರು 1/√2 ಬರೆದಿರುತ್ತಾರೆ, ಇನ್ನೊಬ್ಬರು √2/2. ಎರಡೂ ಸುಮಾರು 0.707, ಒಂದೇ ಸಂಖ್ಯೆ.

ಪುಸ್ತಕದ ಉತ್ತರಕ್ಕೂ ಪ್ರಶ್ನೆಗೂ ಸಂಬಂಧವೇ ಇಲ್ಲ ಅನ್ನಿಸಿದರೆ ಅಕ್ಕಪಕ್ಕದ ನಂಬರು ನೋಡಿ. 7ನೇ ಲೆಕ್ಕದ ಎದುರು 8ನೆಯದರ ಉತ್ತರ ಅಚ್ಚಾಗಿರಬಹುದು. ಅಲ್ಲಿಂದ ಮುಂದಿನವೂ ಒಂದೊಂದು ಸ್ಥಾನ ಜಾರಿದ್ದರೆ ಅನುಮಾನ ನಿಜ. ಹೊಸ ಮುದ್ರಣದಲ್ಲಿ ಪ್ರಶ್ನೆಯ ಅಂಕಿ ಬದಲಿಸಿ, ಹಿಂದಿನ ಉತ್ತರ ಹಾಗೇ ಬಿಟ್ಟಿರುವುದೂ ಉಂಟು. ಹಳೆಯ ಪ್ರತಿ ಸಿಕ್ಕರೆ ಪಕ್ಕದಲ್ಲಿಟ್ಟು ನೋಡಿ.

ಟೀಚರ್ ಹತ್ತಿರ ಹೋಗುವಾಗ ಇಡೀ ಲೆಕ್ಕ ತೋರಿಸಬೇಕಿಲ್ಲ. ಪುಟ, ಲೆಕ್ಕದ ನಂಬರು, ಜೊತೆಗೆ ‘−2 ಹಾಕಿದರೆ ಎಡಗಡೆ 2, ಬಲಗಡೆ −2’ ಅನ್ನುವ ಒಂದು ಸಾಲು ಸಾಕು.