ಸಾವಿರಕ್ಕೊಂದು ತಪ್ಪು, 78 ಆರೋಪಿಗಳು

ಎಂಜಿನಿಯರಿಂಗ್ ಮೊದಲ ವರ್ಷದ 300 ಮಂದಿಗೆ ಒಂದೇ ಲ್ಯಾಬ್ ಕೆಲಸ: ಕೊಟ್ಟ ಸಂಖ್ಯೆ ಅವಿಭಾಜ್ಯವೇ ಎಂದು ಹೇಳುವ ಸಿ ಪ್ರೋಗ್ರಾಮ್ ಬರೆಯಬೇಕು. ಕಾಪಿ ಹೊಡೆದವರನ್ನು ಹಿಡಿಯಲು ಮೇಷ್ಟ್ರು ಎಲ್ಲವನ್ನೂ ಹೋಲಿಕೆ ಹುಡುಕುವ ತಂತ್ರಾಂಶಕ್ಕೆ ಹಾಕುತ್ತಾರೆ. ಪ್ರಾಮಾಣಿಕರ ಎರಡು ಪ್ರೋಗ್ರಾಮ್‌ಗಳನ್ನು ಅದು ತಪ್ಪಾಗಿ 'ಕಾಪಿ' ಎನ್ನುವುದು ಸಾವಿರಕ್ಕೊಂದು ಸಲ ಮಾತ್ರ ಎಂದಿಟ್ಟುಕೊಳ್ಳೋಣ. ಇರುವವರೇ 300 ಜನ. ಒಬ್ಬ ಅಮಾಯಕನೂ ಸಿಕ್ಕಿಬೀಳಲಿಕ್ಕಿಲ್ಲ ಅನ್ನಿಸುತ್ತದೆ.

ಎಡವುವುದು ಇಲ್ಲೇ. ತಂತ್ರಾಂಶ ನೋಡುವುದು ವಿದ್ಯಾರ್ಥಿಗಳನ್ನಲ್ಲ, ಜೋಡಿಗಳನ್ನು. 300 ಜನ ಒಬ್ಬೊಬ್ಬರೂ ಉಳಿದ 299 ಮಂದಿಯ ಕೈ ಕುಲುಕಿದರೆ ಒಟ್ಟು 44,850 ಕೈಕುಲುಕು. ಸಾವಿರಕ್ಕೊಂದರಂತೆ ಸುಮಾರು 45 ಜೋಡಿಗಳು ಸುಮ್ಮನೆ ಪಟ್ಟಿಗೆ ಬೀಳುತ್ತವೆ. ಒಬ್ಬ ಹುಡುಗಿಯ ಕಡೆಯಿಂದ ನೋಡಿ: ಅವಳು 299 ಸಲವೂ ಪಾರಾಗಬೇಕು. 0.999 ಅನ್ನು 299 ಸಲ ಗುಣಿಸಿದರೆ 0.74 ಬರುತ್ತದೆ. ಅಂದರೆ ಯಾರದ್ದನ್ನೂ ನೋಡದೆ ಬರೆದವಳ ಹೆಸರೂ ಪಟ್ಟಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು! ಇಡೀ ತರಗತಿಯಲ್ಲಿ ಅಂಥವರು ಸುಮಾರು 78 ಮಂದಿ.

ನಿಜವಾಗಿ ಕಾಪಿ ಮಾಡಿದ್ದು ಐದು ಜೋಡಿ, ಐದೂ ಸಿಕ್ಕಿಬಿದ್ದವು ಎನ್ನಿ. ಮೇಷ್ಟ್ರ ಕೈಯಲ್ಲಿರುವ 50 ಜೋಡಿಗಳಲ್ಲಿ 45 ನಿರಪರಾಧಿಗಳವು. ಆದರೂ 'ಇದು ತಪ್ಪುವುದು ಸಾವಿರಕ್ಕೊಂದು ಸಲ' ಎಂಬ ನಂಬಿಕೆಯಲ್ಲೇ ಅವರು ಐವತ್ತನ್ನೂ ನೋಡುತ್ತಾರೆ.

ವಾಸ್ತವ ಇಷ್ಟು ನಯವಾಗಿರುವುದಿಲ್ಲ. ಎಲ್ಲರೂ ಒಂದೇ ಬೋರ್ಡು ನೋಡಿ ಕಲಿತವರು. ಈ ಸಾಲು ಯಾರ ಪುಸ್ತಕದಲ್ಲಿ ಇರುವುದಿಲ್ಲ?

```c
for (i = 2; i <= n / 2; i++)
```

ಹಾಗಾಗಿ ಹೇಳಿಕೊಟ್ಟಂತೆ ಅಚ್ಚುಕಟ್ಟಾಗಿ ಬರೆಯುವವರೇ ಮತ್ತೆ ಮತ್ತೆ ಸಿಕ್ಕಿಬೀಳುತ್ತಾರೆ. ಅಲೆಕ್ಸ್ ಐಕನ್ 1994ರಲ್ಲಿ ರೂಪಿಸಿದ ಮಾಸ್ ಎಂಬ ತಂತ್ರಾಂಶದಲ್ಲಿ ಇದಕ್ಕೆ ಉಪಾಯವಿದೆ. `-b` ಎಂಬ ಆಯ್ಕೆಯ ಜೊತೆ ಮೇಷ್ಟ್ರೇ ಕೊಟ್ಟ ಕೋಡನ್ನು ಸೇರಿಸಿದರೆ ಆ ಭಾಗ ಲೆಕ್ಕಕ್ಕೆ ಬರುವುದಿಲ್ಲ. `-m 10` ಎಂದರೆ, ಹತ್ತಕ್ಕಿಂತ ಹೆಚ್ಚು ಪ್ರೋಗ್ರಾಮ್‌ಗಳಲ್ಲಿ ಕಾಣುವ ತುಣುಕನ್ನು ಎಲ್ಲರ ಸ್ವತ್ತೆಂದು ಅದು ಬಿಟ್ಟುಬಿಡುತ್ತದೆ.

ಇಷ್ಟಾದ ಮೇಲೆ ಉಳಿದ ಜೋಡಿಗಳನ್ನು ಕಣ್ಣಾರೆ ಓದಬೇಕು. ಸರಿ ಉತ್ತರ ಹೊಂದಿದರೆ ಅದು ಸಾಕ್ಷಿಯಲ್ಲ. ತಪ್ಪು ಹೊಂದಿದರೂ ಸಾಲದು: 1 ಅನ್ನು ಅವಿಭಾಜ್ಯ ಎನ್ನುವ ತಪ್ಪನ್ನು ಅರ್ಧ ತರಗತಿಯೇ ಸ್ವತಂತ್ರವಾಗಿ ಮಾಡಬಲ್ಲದು. ಬೇಕಾದ್ದು ಬೇರೆ ಯಾರಲ್ಲೂ ಇಲ್ಲದ ತಪ್ಪು. ಇಬ್ಬರ ಪ್ರೋಗ್ರಾಮ್‌ನಲ್ಲಿ ಮಾತ್ರ ಈ ಸಾಲಿದ್ದರೆ ಮಾತು ಬೇರೆ:

```c
printf("Enetr teh nubmer");
```

ಅದೂ ಕೂಡ ಎರಡರ ಮೂಲ ಒಂದೇ ಎಂದಷ್ಟೇ ಹೇಳುತ್ತದೆ. ಬರೆದವರು ಯಾರು, ಲ್ಯಾಬಿನ ಕಂಪ್ಯೂಟರಿನಲ್ಲಿ ಫೈಲ್ ಅಳಿಸದೆ ಎದ್ದುಹೋದವರು ಯಾರು ಎಂಬುದನ್ನು ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಿಯೇ ತಿಳಿಯಬೇಕು.